ಕಾಫಿ ಹಣ್ಣಿನ ಸಿಪ್ಪೆಯ ಚಹಾ (ಕಸ್ಕಾರ) ಮಾಡುವವರಿಗೆ

ಶಿರಸಿ ಕಡೆ ಅಡಿಕೆ ತೋಟದಲ್ಲಿ ಕಾಫಿ ಇರುವವರು ದಯವಿಟ್ಟು ಓದಿ. ಗೊಬ್ಬರದ ಗುಂಡಿಗೆ ಹೋಗುವ ಸಿಪ್ಪೆಯಿಂದಲೇ ಒಳ್ಳೆಯ ಚಹಾ ಆಗುತ್ತದೆ, ಆದರೆ ರಾಶಿಯಲ್ಲಿ ಬಿದ್ದದ್ದನ್ನು ಎತ್ತಿ ತರಬೇಡಿ. ಪೂರ್ತಿ ಕೆಂಪಾದ, ಔಷಧಿ ಹೊಡೆಯದ ಹಣ್ಣು ಬೇಕು. ತೊಳೆದು, ಬೀಜ ತೆಗೆದು, ಸಿಪ್ಪೆಯನ್ನು ಅದೇ ದಿನ ತೆಳುವಾಗಿ ಹರಡಿ, ಆಗಾಗ ಕೈಯಾಡಿಸುತ್ತಾ ಮುರಿದರೆ ಚಟ್ ಅನ್ನುವವರೆಗೆ ಒಣಗಿಸಿ. ದಪ್ಪಗೆ ಹರಡಿದರೆ ಒಳಗೇ ಹುಳಿತು ಬೂಷ್ಟು ಬರುತ್ತದೆ. ಮುಗ್ಗಲು ವಾಸನೆ ಬಂದರೆ ಎಲ್ಲವನ್ನೂ ಎಸೆದುಬಿಡಿ, ಕುದಿಸಿದರೂ ಅದು ಸರಿಯಾಗುವುದಿಲ್ಲ.

ಒಂದು ದೊಡ್ಡ ಲೋಟ, ಅಂದರೆ 250 ಮಿ.ಲೀ. ನೀರಿಗೆ 12 ಗ್ರಾಂ ಸಿಪ್ಪೆ ಸಾಕು. ನೀರು ಕುದಿದ ಮೇಲೆ ಒಲೆ ಆರಿಸಿ, ಅರ್ಧ ನಿಮಿಷ ಬಿಟ್ಟು ಸಿಪ್ಪೆಯ ಮೇಲೆ ಹೊಯ್ದು ಮುಚ್ಚಿಡಿ. ಐದು ನಿಮಿಷಕ್ಕೆ ಸೋಸಿ. ಬಣ್ಣ ಜೇನಿನಿಂದ ಕೆಂಗಂದಿನವರೆಗೆ ಬರುತ್ತದೆ. ಬಹಳ ಹೊತ್ತು ಬಿಟ್ಟರೆ ಒಗರು ಜಾಸ್ತಿ.

ಕಾಫಿ ರುಚಿ ಹುಡುಕಬೇಡಿ, ಇರುವುದಿಲ್ಲ! ಒಣದ್ರಾಕ್ಷಿಯ ಸಿಹಿ, ಹಿಂದೆಯೇ ಹುಣಸೆಯಂಥ ತೆಳು ಹುಳಿ. ರೊಬಸ್ಟಾ ಸಿಪ್ಪೆಯಾದರೆ ಸ್ವಲ್ಪ ಕಹಿ, ಅದಕ್ಕೆ ಶುಂಠಿ ಚೂರು ಹಾಕಿ. ಯೆಮೆನ್‌ನಲ್ಲಿ ಕಿಶ್ರ್ ಅಂತ ಹೀಗೇ ಕುಡಿಯುತ್ತಾರೆ. ಹಾಲು ಬೇಡವೇ ಬೇಡ. ಕೆಫೀನ್ ಇದರಲ್ಲೂ ಇದೆ, ನಿದ್ದೆ ಬಾರದವರು ರಾತ್ರಿ ಕುಡಿಯಬೇಡಿ.