ಲಾರಿ ಬಾಡಿಗೆ ಕೇಳಿದರೆ ಕೆಲಸ ಹೋಗುತ್ತಾ?

ಪ್ರೀತಿಯ ಪುಟ್ಟಿ,

ನಿನ್ನ ಪತ್ರದ ಒಂದು ಸಾಲು ತಲೆಯಿಂದ ಹೋಗ್ತಾನೇ ಇಲ್ಲ. "ಮಾಮಾ, ಸಂಬಳಕ್ಕೆ ಹೂಂ ಅಂದಾಗಿದೆ, ಈಗ ಬೆಂಗಳೂರಿಗೆ ಸಾಮಾನು ಸಾಗಿಸೋ ಖರ್ಚು ಕೇಳಿದರೆ ಆಫರ್ರೇ ವಾಪಸ್ ತಗೊಂಡುಬಿಟ್ಟರೆ?"

1998ರಲ್ಲಿ ಧಾರವಾಡ ಬಿಡುವಾಗ ನನಗೂ ಇದೇ ಭಯ. ಬಾಯಿ ಬಿಡಲಿಲ್ಲ. ಬೆಂಗಳೂರಲ್ಲಿ ಮನೆ ಮಾಲೀಕರು ಹತ್ತು ತಿಂಗಳ ಅಡ್ವಾನ್ಸ್ ಕೇಳಿದರು. ನಿಮ್ಮಮ್ಮ ಎರಡು ಬಳೆ ಬಿಚ್ಚಿ ಕೊಟ್ಟಳು, ಅಡ ಇಟ್ಟೆ. ಒಂದನ್ನು ಬಿಡಿಸಿಕೊಂಡೆ, ಇನ್ನೊಂದು ಹರಾಜಿಗೆ ಹೋಯಿತು. ಅದೇ ವಾರ ಸೇರಿದ ಇನ್ನೊಬ್ಬನಿಗೆ ಲಾರಿ ಬಾಡಿಗೆ ಕಂಪನಿಯೇ ಕೊಟ್ಟಿತ್ತು. ಹೇಗೋ ಅಂದರೆ, "ಕೇಳಿದೆ, ಕೊಟ್ಟರು" ಅಂದ. ಅಷ್ಟೇ!

ಈಗ ನಿನ್ನ ಭಯದ ಮಾತು. ಸಂಬಳ ಏರಿಸಿದರೆ ಅವರಿಗೆ ಅದು ಪ್ರತಿ ವರ್ಷದ ಹೊರೆ, ಜೊತೆಗಿರೋರ ಸಂಬಳಕ್ಕೂ ಹೋಲಿಕೆ ಬರುತ್ತೆ. ಲಾರಿ ಬಾಡಿಗೆ ಹಾಗಲ್ಲ, ಒಂದು ಸಲದ ಖರ್ಚು. ಅದಕ್ಕೇ ಸಂಬಳದಲ್ಲಿ ಜಗ್ಗದ ಎಚ್ಆರ್‌ನವರು ಇದರಲ್ಲಿ ಎಷ್ಟೋ ಸಲ ಒಪ್ಪುತ್ತಾರೆ. ಒಪ್ಪದಿದ್ದರೆ ಸಾಮಾನ್ಯವಾಗಿ "ಪಾಲಿಸಿಯಲ್ಲಿಲ್ಲ" ಅಂತ ಮೇಲ್ ಬರುತ್ತೆ. ಆಫರ್ ವಾಪಸ್ ಹೋಗೋದೇ ಇಲ್ಲ ಅಂತ ನಾನು ಆಣೆ ಮಾಡಲಾರೆ. ಆದರೆ ಮರ್ಯಾದೆಯಿಂದ ಒಂದೇ ಸಲ ಕೇಳಿದ್ದಕ್ಕೆ ಕೆಲಸ ಕಳೆದುಕೊಂಡವರನ್ನು ನಾನಂತೂ ನೋಡಿಲ್ಲ. ಇವತ್ತು ಇದು, ನಾಳೆ ಇನ್ನೊಂದು ಅಂತ ಕಂತಿನಲ್ಲಿ ಕೇಳಿದರೆ ಮಾತ್ರ ಅವರಿಗೆ ಬೇಸರ ಬರುತ್ತೆ.

ಕೇಳೋದಾದರೆ ಆಫರ್ ಲೆಟರ್‌ಗೆ ಸಹಿ ಹಾಕೋ ಮೊದಲೇ ಕೇಳು. ಮೊದಲ ಸಾಲಲ್ಲೇ ಸಂಬಳ ಒಪ್ಪಿಗೆ ಅಂತ ಬರೆದುಬಿಡು, ಮತ್ತೆ ಅದಕ್ಕೇ ಕೈ ಹಾಕ್ತಿದ್ದಾಳೆ ಅನ್ನಿಸಬಾರದು. ಆಮೇಲೆ, ಧಾರವಾಡದಿಂದ ಬರ್ತಿದ್ದೇನೆ, ಪ್ಯಾಕರ್ಸ್‌ನವರು 28,000 ಹೇಳಿದ್ದಾರೆ, ಕೊಟೇಶನ್ ಲಗತ್ತಿಸಿದ್ದೇನೆ, ಮನೆ ಸಿಗೋವರೆಗೆ 15 ದಿನ ಉಳಿಯಲು ಜಾಗ ಸಿಕ್ಕರೆ ಅನುಕೂಲ ಅಂತ ಬರೆ. "ಏನಾದರೂ ಸಹಾಯ" ಅಂದರೆ ಅವರು ಮೇಲಿನವರ ಹತ್ತಿರ ಎಷ್ಟಕ್ಕೆ ಅನುಮತಿ ಕೇಳಬೇಕು, ಹೇಳು?

ಖರ್ಚು ಬೇಡ, ಜಾಯಿನಿಂಗ್ ಬೋನಸ್ ಕೊಡ್ತೀವಿ ಅಂದರೆ ಒಂಚೂರು ಹುಷಾರು. ಅದು ಸಂಬಳದ ಲೆಕ್ಕ, ತೆರಿಗೆ ಬೀಳುತ್ತೆ. ನೀನು ಶೇಕಡಾ 20ರ ಸ್ಲ್ಯಾಬ್‌ನಲ್ಲಿದ್ದರೆ ಒಂದು ಲಕ್ಷದಲ್ಲಿ ಕೈಗೆ ಬರೋದು 79,000ದ ಆಸುಪಾಸು. ವರ್ಷದೊಳಗೆ ಬಿಟ್ಟರೆ ವಾಪಸ್ ಕಟ್ಟಬೇಕು ಅಂತ ಷರತ್ತೂ ಇರುತ್ತೆ, ಕೆಲವು ಕಡೆ ಪೂರ್ತಿ ಲಕ್ಷವನ್ನೇ ಕೇಳ್ತಾರೆ. ಕೆಲಸ ಮಾಡಿದ ತಿಂಗಳ ಲೆಕ್ಕದಲ್ಲಿ ವಾಪಸ್ ಕಟ್ಟೋ ಮೊತ್ತ ಕಡಿಮೆ ಆಗುತ್ತಾ ಅಂತ ಕೇಳಿ ನೋಡು. ಫೋನಿನಲ್ಲಿ "ಮಾಡೋಣ ಬಿಡಿ" ಅಂದಿದ್ದನ್ನು ನಂಬಬೇಡ, ಲೆಟರ್‌ನಲ್ಲಿ ಬರಲಿ. ನಾನು ಹಳೇ ಕಾಲದವನು, ನಿನ್ನ ಗೆಳತಿಯರಿಗೂ ಒಂದು ಮಾತು ಕೇಳು.

ಆದರೂ ಭಯ ಹೋಗಲಿಲ್ಲ ಅಂದರೆ ಮೇಲ್ ಬರೆದಿಟ್ಟು ನನಗೆ ಫೋನ್ ಮಾಡು, ಓದಿ ಹೇಳು, ಆಮೇಲೆ ಕಳಿಸು. ಅಮ್ಮನ ಎಡಗೈಯಲ್ಲಿ ಒಂದೇ ಬಳೆ ಯಾಕೆ ಅಂತ ಚಿಕ್ಕವಳಿದ್ದಾಗ ಕೇಳ್ತಿದ್ದೆಯಲ್ಲ, ಇದೇ ಅದು. ನಾನು ಹೇಳಿದೆ ಅಂತ ಅವಳಿಗೆ ಹೇಳಬೇಡ.

ನಿನ್ನ ಮಾಮಾ