ಹದಿನೆಂಟು ಪರ್ಸೆಂಟಿನ ಲೆಕ್ಕ

ಚಿ. ಶ್ರೀಶನಿಗೆ ಉಡುಪಿಯಿಂದ ಮಾವನ ಆಶೀರ್ವಾದಗಳು.

ನೀನು ಕಳಿಸಿದ, ಜನರೇ ಜನರಿಗೆ ನೇರವಾಗಿ ಸಾಲ ಕೊಡುವ ಆ ಪಿ2ಪಿ ಆ್ಯಪ್‌ನ ಜಾಹೀರಾತು ನೋಡಿದೆ. 'ವರ್ಷಕ್ಕೆ 18%' ಎಂದು ದಪ್ಪ ಅಕ್ಷರದಲ್ಲಿ ಉಂಟು. ತಂಗಿಯ ಮದುವೆಗೆ ತೆಗೆದಿಟ್ಟ ದುಡ್ಡಿನಿಂದ ಒಂದು ಲಕ್ಷ ಅಲ್ಲಿ ಹಾಕಲೇ ಎಂದು ಕೇಳಿದ್ದೀ. ಆ ದುಡ್ಡನ್ನು ಹಾಕಬೇಡ. ಸೊಸೈಟಿಯ ಸಾಲ ವಿಭಾಗದಲ್ಲಿ ಕೂತು ಸುಸ್ತಿದಾರರ ಪಟ್ಟಿ ನೋಡಿಯೇ ನನ್ನ ತಲೆ ನರೆತದ್ದು, ಹಾಗಾಗಿ ಕಾರಣವನ್ನೂ ಬರೆಯುತ್ತೇನೆ.

ಬ್ಯಾಂಕಿನಲ್ಲಿ ಎಫ್‌ಡಿ ಇಟ್ಟರೆ, ಸಾಲಗಾರ ಕಟ್ಟಲಿ ಬಿಡಲಿ, ನಿನ್ನ ಬಡ್ಡಿ ಬರುತ್ತದೆ. ಬ್ಯಾಂಕೇ ಮುಳುಗಿದರೂ ಅಸಲು ಬಡ್ಡಿ ಸೇರಿ 5 ಲಕ್ಷದವರೆಗೆ ವಿಮೆ ಉಂಟು. ಈ ಆ್ಯಪ್‌ನಲ್ಲಿ ಹಾಗಲ್ಲ. ಇಲ್ಲಿ ಸಾಲ ಕೊಡುವವನು ನೀನೇ, ಕಂಪನಿ ಬರೀ ಮಧ್ಯವರ್ತಿ. ಸಾಲಕ್ಕೆ ಕಂಪನಿ ಗ್ಯಾರಂಟಿ ನಿಲ್ಲಕೂಡದು ಎಂದು 2017ರಿಂದಲೂ ರಿಸರ್ವ್ ಬ್ಯಾಂಕಿನ ನಿಯಮವೇ ಹೇಳುತ್ತದೆ. ನಮ್ಮ ಸೊಸೈಟಿಯಲ್ಲಿ ಇಬ್ಬರು ಜಾಮೀನುದಾರರ ಸಹಿ ಇಲ್ಲದೆ ಸಾಲದ ಅರ್ಜಿ ಮುಂದಕ್ಕೆ ಹೋಗುತ್ತಿರಲಿಲ್ಲ. ಇಲ್ಲಿ ಜಾಮೀನೂ ಇಲ್ಲ, ಅಡವೂ ಇಲ್ಲ.

ಈಗ ಲೆಕ್ಕ ನೋಡು. ಒಂದು ಲಕ್ಷವನ್ನು 20 ಜನರಿಗೆ ಐದೈದು ಸಾವಿರದಂತೆ ಒಂದು ವರ್ಷಕ್ಕೆ ಹಂಚಿದೆ ಎಂದುಕೊ. 18% ಬಡ್ಡಿಗೆ ಒಬ್ಬನ ತಿಂಗಳ ಕಂತು ಸುಮಾರು 458 ರೂಪಾಯಿ. ವರ್ಷದ ಕೊನೆಗೆ ಅವನು ಕಟ್ಟಿದ್ದು ಒಟ್ಟು 5,501. ಅಂದರೆ ಬಡ್ಡಿ 501 ಮಾತ್ರ, 900 ಅಲ್ಲ. ಅಸಲು ತಿಂಗಳು ತಿಂಗಳು ವಾಪಸ್ ಬರುವುದರಿಂದ ಹೀಗೆ. ಇಪ್ಪತ್ತೂ ಜನ ಸರಿಯಾಗಿ ಕಟ್ಟಿದರೆ ನಿನಗೆ ಸುಮಾರು 10,000. ಹದಿನೆಂಟು ಸಾವಿರ ಬೇಕಿದ್ದರೆ ಬಂದದ್ದನ್ನೆಲ್ಲ ಮತ್ತೆ ಮತ್ತೆ ಸಾಲ ಕೊಡುತ್ತಲೇ ಇರಬೇಕು.

ಇಬ್ಬರು ಮೂರು ಕಂತು ಕಟ್ಟಿ ಕೈ ಎತ್ತಿದರು ಅನ್ನು. ಆ ಇಬ್ಬರಿಂದ ಬಂದದ್ದು 2,750, ಉಳಿದ 18 ಜನರಿಂದ 99,018. ಕಂಪನಿಯ ಶುಲ್ಕ 1,000 ಕಳೆ. ಕೈಯಲ್ಲಿ ಉಳಿದ ಲಾಭ 768 ರೂಪಾಯಿ! ಎಸ್‌ಬಿ ಖಾತೆಯಲ್ಲಿ ಸುಮ್ನೆ ಬಿಟ್ಟಿದ್ದರೆ ಇದಕ್ಕಿಂತ ಜಾಸ್ತಿ ಬರುತ್ತಿತ್ತು. ಕತೆ ಅಲ್ಲಿಗೇ ಮುಗಿಯುವುದಿಲ್ಲ. ಕೈಗೆ ಬಂದ ಬಡ್ಡಿ 9,433 ಅಷ್ಟಕ್ಕೂ ನೀನು ತೆರಿಗೆ ಕಟ್ಟಬೇಕು. ಲೇವಾದೇವಿ ವ್ಯವಹಾರ ಮಾಡದ ನಮ್ಮಂಥವರಿಗೆ ಮುಳುಗಿದ ಅಸಲನ್ನು ಆ ಬಡ್ಡಿಯಿಂದ ಕಳೆಯಲು ಸಾಮಾನ್ಯವಾಗಿ ಬರುವುದಿಲ್ಲ. ನೀನು 20% ಸ್ಲ್ಯಾಬಿನಲ್ಲಿದ್ದರೆ ಸುಮಾರು 1,900 ತೆರಿಗೆಗೆ ಹೋಯಿತು. ಇಪ್ಪತ್ತರಲ್ಲಿ ಇಬ್ಬರು ತಪ್ಪಿದ್ದಕ್ಕೆ ಗಂಟಿಗೇ ನಷ್ಟ.

'ನಮ್ಮಲ್ಲಿ ಸುಸ್ತಿ ಬರೀ 2%' ಎಂದು ಅವರು ಹೇಳಬಹುದು. ಆ ಅಂಕಿ ಸುಳ್ಳಲ್ಲದಿದ್ದರೂ ದಾರಿ ತಪ್ಪಿಸುತ್ತದೆ. ಹೋದ ವರ್ಷ 100 ಕೋಟಿ ಸಾಲ ಕೊಟ್ಟಿದ್ದಾರೆ, ಅದರಲ್ಲಿ 8 ಕೋಟಿ ಕೆಟ್ಟಿದೆ ಎಂದುಕೊ. ಈ ವರ್ಷ ಹೊಸದಾಗಿ 300 ಕೋಟಿ ಕೊಟ್ಟರು. ಹೊಸ ಸಾಲ ಕೆಡಲು ಇನ್ನೂ ಸಮಯವೇ ಆಗಿಲ್ಲ. 400ಕ್ಕೆ 8 ಅಂದರೆ 2% ಆಯಿತು ಅಲ್ವಾ? ನಿಜವಾಗಿ ಹಳೆ ಸಾಲದಲ್ಲಿ ಕೆಟ್ಟದ್ದು 8%. ಆದ್ದರಿಂದ ಒಟ್ಟು ಅಂಕಿ ಬಿಡು, ಒಂದು ವರ್ಷದ ಹಿಂದೆ ಕೊಟ್ಟ ಸಾಲಗಳ ಕಥೆ ಈಗ ಏನಾಗಿದೆ ಎಂದು ಕೇಳು. ಸಾಲ ಕೊಟ್ಟವರಿಗೆ ಆದ ನಷ್ಟವನ್ನು ಬಹಿರಂಗಪಡಿಸಬೇಕೆಂದು 2024ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕು ಕಡ್ಡಾಯ ಮಾಡಿದೆ. ಕೇಳಿದರೂ ತೋರಿಸದ ಕಂಪನಿಯ ಹತ್ತಿರ ಹೋಗಲೇಬೇಡ.

ಮದುವೆಯ ದುಡ್ಡಿನ ವಿಷಯದಲ್ಲಿ ನನಗೆ ಇದಕ್ಕಿಂತ ದೊಡ್ಡ ಭಯ ಬೇರೆ ಉಂಟು. ಮೊದಲು ಕೆಲವು ಆ್ಯಪ್‌ಗಳು 'ಯಾವಾಗ ಬೇಕಾದರೂ ಹಿಂದೆ ಪಡೆಯಿರಿ' ಎನ್ನುತ್ತಿದ್ದವು. ಸಾಲಗಾರ ಮುಂಚೆ ಕಟ್ಟುವುದಿಲ್ಲವಲ್ಲ, ಹಾಗಾದರೆ ದುಡ್ಡು ಎಲ್ಲಿಂದ? ಹೊಸದಾಗಿ ಬಂದವನ ದುಡ್ಡನ್ನು ನಿನಗೆ ಕೊಟ್ಟು, ನಿನ್ನ ಸಾಲವನ್ನು ಅವನ ಹೆಸರಿಗೆ ಮಾಡುತ್ತಿದ್ದರು. ಹೊಸಬರು ಬರುತ್ತಿರುವವರೆಗೆ ಸರಿ. ಅದೇ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕು ಇಂಥ ಸೌಲಭ್ಯವನ್ನೂ ಖಚಿತ ಲಾಭದ ಆಸೆ ತೋರಿಸುವುದನ್ನೂ ನಿಲ್ಲಿಸಿತು. ಆಮೇಲೆ ಸಾಲಗಾರರು ಕಂತು ಕಟ್ಟುವವರೆಗೆ ಕಾಯುವುದು ಬಿಟ್ಟರೆ ಬೇರೆ ದಾರಿ ಉಳಿಯಲಿಲ್ಲ. ನಿನಗೆ ಮೇ ತಿಂಗಳಲ್ಲಿ ಹಾಲ್‌ನವರಿಗೂ ಅಡುಗೆಯವರಿಗೂ ಕೊಡಬೇಕು, ಮಾರಾಯ. ಅವರು ಕಾಯುವವರಲ್ಲ.

ಹತ್ತಾರು ಜನ ಸೇರಿ ಒಂದು ಕಂಪನಿಗೆ ಬರಬೇಕಾದ ಬಾಕಿ ಬಿಲ್ಲಿಗೋ ಕಟ್ಟಡಕ್ಕೋ ದುಡ್ಡು ಹಾಕುವ ಡೀಲ್‌ಗಳ ಬಗ್ಗೆಯೂ ಕೇಳಿದ್ದೀ. ಅಲ್ಲಿ ದುಡ್ಡೆಲ್ಲ ಒಬ್ಬನೇ ಬಾಕಿದಾರನ ಮೇಲೆ ನಿಂತಿರುತ್ತದೆ. ಅವನು ತಪ್ಪಿದರೆ ಹಂಚಿಕೊಳ್ಳಲು ಇನ್ನು ಹತ್ತೊಂಬತ್ತು ಜನ ಇಲ್ಲ.

ಪಿ2ಪಿ ನೋಡಲೇಬೇಕು ಅನ್ನಿಸಿದರೆ ಮದುವೆ ಮುಗಿದ ಮೇಲೆ, ಮೂರು ವರ್ಷ ಬೇಡದ ದುಡ್ಡಿನಲ್ಲಿ ಹತ್ತು ಸಾವಿರ ಹಾಕು. ಕಂಪನಿಯ ಹೆಸರು ರಿಸರ್ವ್ ಬ್ಯಾಂಕಿನ ಎನ್‌ಬಿಎಫ್‌ಸಿ-ಪಿ2ಪಿ ಪಟ್ಟಿಯಲ್ಲಿ ಉಂಟಾ ನೋಡು. ದುಡ್ಡು ಅವರ ಸ್ವಂತ ಖಾತೆಗಲ್ಲ, ಮೂರನೆಯವರ ನಿಗಾದಲ್ಲಿರುವ ಎಸ್ಕ್ರೋ ಖಾತೆಗೇ ಹೋಗಬೇಕು. ಮದುವೆಯ ದುಡ್ಡು ಮಾತ್ರ ಎಪ್ರಿಲ್‌ಗೆ ಮುಗಿಯುವ ಎಫ್‌ಡಿಯಲ್ಲಿರಲಿ. ಭಾನುವಾರ ಮಂಗಳೂರಿನಿಂದ ಬರುವಾಗ ಪಾಸ್‌ಬುಕ್ ತಾ, ತಾರೀಕು ಕೂತು ನೋಡುವ.

ಇತಿ,
ನಿನ್ನ ಮಾವ