ಮಗಳಿಗೊಂದು ಪತ್ರ: ಅಜ್ಜಿಯ ಸಿರಪ್ಪು

ಆಲ್ದೂರು, ಚಿಕ್ಕಮಗಳೂರು

ಪುಟ್ಟೀ,

ಶನಿವಾರ ನೀನು ಬಸ್ಸಿಳಿಯೋ ಹೊತ್ತಿಗೆ ನಾನು ತವರಿಗೆ ಹೊರಟಿರ್ತೀನಿ. ಅಜ್ಜಿಯ ಮಾತ್ರೆಗಳನ್ನೆಲ್ಲ ಬೆಳಿಗ್ಗೆ, ರಾತ್ರಿ ಅಂತ ಡಬ್ಬಿಯಲ್ಲಿ ಬೇರೆ ಮಾಡಿಟ್ಟಿದ್ದೀನಿ, ಅದರಲ್ಲಿ ಹೇಳೋದೇನಿಲ್ಲ. ಪೊಟ್ಯಾಸಿಯಂ ಕ್ಲೋರೈಡ್ ಸಿರಪ್ಪಿನ ವಿಷಯ ಮಾತ್ರ ಫೋನಿನಲ್ಲಿ ಹೇಳಿ ಬಿಡುವಂಥದ್ದಲ್ಲ. ನಾನೇ ಮೊದಲ ದಿನ ತಪ್ಪು ಮಾಡಿ ಅಜ್ಜಿಯನ್ನ ಗೋಳಾಡಿಸಿದ್ದೀನಿ.

ಕಾಲಿನ ಊತಕ್ಕೆ ಕೊಟ್ಟಿರೋ ನೀರು ಹೋಗೋ ಮಾತ್ರೆ ಮೂತ್ರದ ಜೊತೆ ಪೊಟ್ಯಾಸಿಯಂ ಅನ್ನೂ ಹೊರಗೆ ಹಾಕುತ್ತಂತೆ. ಹೋದ ತಿಂಗಳು ಅಜ್ಜಿ ಕಾಲಲ್ಲಿ ಶಕ್ತಿಯಿಲ್ಲದೆ ಜಗಲಿ ಮೆಟ್ಟಿಲಲ್ಲೇ ಕೂತುಬಿಟ್ಟರಲ್ಲ, ಅವತ್ತು ರಕ್ತ ಪರೀಕ್ಷೆಯಲ್ಲಿ 3.0 ಬಂತು. 3.5ಕ್ಕಿಂತ ಕೆಳಗೆ ಇಳಿಯಬಾರದು. ಡಾಕ್ಟರು ಈ ಸಿರಪ್ಪು 15 ಮಿ.ಲೀ. ದಿನಕ್ಕೆರಡು ಸಲ ಅಂತ ಬರೆದರು.

ನಾನು ಮಾರನೇ ಬೆಳಿಗ್ಗೆ ಕಾಫಿಗೂ ಮೊದಲು, ಅಜ್ಜಿ ದಿಂಬಿಗೆ ಒರಗಿಕೊಂಡೇ ಇರುವಾಗ, ಮುಚ್ಚಳದಲ್ಲಿ ಅಳೆದು ಹಾಗೇ ಬಾಯಿಗೆ ಹಾಕಿದೆ. ಸ್ವಲ್ಪ ಹೊತ್ತಿಗೇ ಎದೆಯೆಲ್ಲ ಉರಿ ಅಂದರು, ಆಮೇಲೆ ವಾಂತಿ. ಔಷಧಿ ಒಗ್ಗಲಿಲ್ಲ ಅಂದುಕೊಂಡೆ. ಡಾಕ್ಟರು ಫೋನಿನಲ್ಲಿ ಕೇಳಿದ್ದು ಒಂದೇ ಮಾತು, "ನೀರು ಬೆರೆಸಿದ್ರಾ ಅಮ್ಮ?"

ಇದು ಸಿರಪ್ಪು ಅಂತ ಹೆಸರಿಗೆ, ನಿಜಕ್ಕೂ ಗಟ್ಟಿ ಉಪ್ಪುನೀರು. ನಮ್ಮ ಬಾಟಲಿಯಲ್ಲಿ 5 ಮಿ.ಲೀ.ಗೆ 500 ಮಿ.ಗ್ರಾಂ. ಅಂತಿದೆ, ಅಂದರೆ ಒಂದು ಸಲಕ್ಕೆ ಒಂದೂವರೆ ಗ್ರಾಂ ಉಪ್ಪು. ಕೈಯಲ್ಲಿ ಗೀರು ಇದ್ದಾಗ ಉಪ್ಪಿನಕಾಯಿ ಜಾಡಿಗೆ ಬೆರಳು ಹಾಕಿದರೆ ಹೇಗಾಗುತ್ತೆ ಗೊತ್ತಲ್ಲ? ಖಾಲಿ ಹೊಟ್ಟೆಯ ಒಳಪದರಕ್ಕೂ ಹಾಗೇ. ಮಲಗಿ ಕುಡಿದರೆ ಅದು ಕೆಳಗೆ ಸರಿಯಾಗಿ ಇಳಿಯದೆ ಅನ್ನನಾಳದಲ್ಲೇ ನಿಂತು ಅಲ್ಲೂ ಸುಡುತ್ತೆ. ಹೊಟ್ಟೆಯಲ್ಲಿ ಅನ್ನವೋ ರೊಟ್ಟಿಯೋ ಇದ್ದರೆ ಉಪ್ಪು ಅದರ ಜೊತೆ ಕಲೆತು ಒಂದೇ ಕಡೆ ತಗಲೋದಿಲ್ಲ.

ಈಗ ನಾನು ಮಾಡೋದು ಹೀಗೆ. ಬೆಳಿಗ್ಗೆ ತಿಂಡಿಗೆ ಅಜ್ಜಿಯನ್ನ ಬೆನ್ನಿರೋ ಕುರ್ಚಿಯಲ್ಲಿ ನೆಟ್ಟಗೆ ಕೂರಿಸ್ತೀನಿ. ಬಾಟಲಿಯ ಜೊತೆ ಬಂದ ಅಳತೆ ಮುಚ್ಚಳದಲ್ಲೇ 15 ಮಿ.ಲೀ. ಅಳೀತೀನಿ, ಚಮಚದಲ್ಲಿ ಅಳೀಬೇಡ. ಅದನ್ನ ಕನಿಷ್ಠ 120 ಮಿ.ಲೀ. ತಣ್ಣೀರಿಗೆ ಹಾಕಿ ಚೆನ್ನಾಗಿ ಕಲಸ್ತೀನಿ. ನಮ್ಮ ಸ್ಟೀಲ್ ಲೋಟದಲ್ಲಿ ಅರ್ಧಕ್ಕಿಂತ ಮೇಲೆ ಬರುತ್ತೆ, ಒಳಗಡೆ ಗೀರು ಹಾಕಿಟ್ಟಿದ್ದೀನಿ ನೋಡು. ಅರ್ಧ ಅಕ್ಕಿರೊಟ್ಟಿ ತಿಂದಾದ ಮೇಲೆ ಗುಟುಕು ಗುಟುಕಾಗಿ, ಐದು ಹತ್ತು ನಿಮಿಷದಲ್ಲಿ ಕುಡಿಸಿ, ಉಳಿದ ರೊಟ್ಟಿ ಆಮೇಲೆ. ರಾತ್ರಿ ಊಟಕ್ಕೂ ಇದೇ ಕ್ರಮ. ಊಟ ಮುಗಿದ ತಕ್ಷಣ ಮಲಗ್ತೀನಿ ಅಂತಾರೆ, ಬಿಡಬೇಡ. ಅರ್ಧ ಗಂಟೆ ಧಾರಾವಾಹಿ ನೋಡಿಕೊಂಡು ಕೂತಿರಲಿ.

ನೀರಲ್ಲಿ ಕುಡಿಯೋಕೆ ಬಾಯಿ ಕಹಿ ಅಂದರೆ ತೋಟದ ಕಿತ್ತಳೆ ರಸ ಹಿಂಡಿ ಬೆರೆಸು. ಅಜ್ಜಿಗೆ ಶುಗರ್ ಇಲ್ಲ, ಪರವಾಗಿಲ್ಲ. ಎಳನೀರಲ್ಲಿ ಮಾತ್ರ ಬೇಡ. ಅದರಲ್ಲಿ ಆಗಲೇ ಬೇಕಾದಷ್ಟು ಪೊಟ್ಯಾಸಿಯಂ ಇದೆ, ಲೆಕ್ಕ ತಪ್ಪುತ್ತೆ. ಡಾಕ್ಟರು ದಿನದ ನೀರಿಗೆ ಮಿತಿ ಹಾಕಿದ್ದಾರಲ್ಲ, ಈ ಎರಡು ಲೋಟವನ್ನೂ ಅದರಲ್ಲೇ ಸೇರಿಸಿ ಎಣಿಸು.

ಒಂದು ಹೊತ್ತು ತಪ್ಪಿದರೆ ಮುಂದಿನ ಸಲ ಎರಡು ಪಾಲು ಕೊಡಬೇಡ. ಪೊಟ್ಯಾಸಿಯಂ ಹೆಚ್ಚಾದರೂ ಕಾಲು ಸೋಲುತ್ತೆ, ಎದೆ ಬಡಿತ ಹದ ತಪ್ಪುತ್ತೆ, ಕಡಿಮೆಯಾದಾಗಿನ ಹಾಗೇ ಕಾಣುತ್ತೆ. ಹಾಗಾಗಿ ಅಜ್ಜಿ ಸೋತಂತೆ ಕಂಡರೆ ಇನ್ನಷ್ಟು ಸಿರಪ್ಪು ಅಂತ ಯೋಚಿಸಬೇಡ, ಡಾಕ್ಟರಿಗೆ ಹೇಳು. ಮೂತ್ರ ಕಡಿಮೆಯಾದರೆ, ಭೇದಿಯಾದರೆ ಕೂಡ. ಮಂಡಿ ನೋವಿಗೆ ಅಂತ ಮೆಡಿಕಲ್ ಶಾಪಿನಿಂದ ಮಾತ್ರೆ ತರಿಸೋ ಅಭ್ಯಾಸ ಅಜ್ಜಿಗಿದೆ, ಅದನ್ನ ನಿಲ್ಲಿಸು. ಅಂಥ ಮಾತ್ರೆಗಳು ಹೊಟ್ಟೆಗೂ ಕಿಡ್ನಿಗೂ ಏಟು.

ಸ್ವಲ್ಪ ಹೊಟ್ಟೆ ತೊಳಸಿದರೆ ಇನ್ನೂ ಹೆಚ್ಚು ನೀರು ಬೆರೆಸಿ ನಿಧಾನವಾಗಿ ಕುಡಿಸಿದರೆ ಸರಿಹೋಗುತ್ತೆ, ನಮ್ಮಲ್ಲಿ ಎರಡನೇ ದಿನದಿಂದ ಹಾಗೇ ಸರಿಹೋಯ್ತು. ಆದರೆ ತಡೆಯಲಾಗದ ಹೊಟ್ಟೆ ನೋವು, ಟಾರಿನಂಥ ಕಪ್ಪು ಮಲ, ಕಾಫಿ ಚರಟದಂಥ ವಾಂತಿ, ಈ ಮೂರರಲ್ಲಿ ಯಾವುದು ಕಂಡರೂ ಒಳಗೆ ಹುಣ್ಣಾಗಿ ರಕ್ತ ಬರ್ತಿರಬಹುದು. ಆಗ ಸಿರಪ್ಪು ನಿಲ್ಲಿಸಿ, ನನ್ನ ಫೋನಿಗೆ ಕಾಯದೆ, ಅಜ್ಜಿಯನ್ನ ಕಾರಲ್ಲಿ ಕೂರಿಸಿಕೊಂಡು ಚಿಕ್ಕಮಗಳೂರಿಗೆ ಹೊರಡು.

ಮಂಗಳವಾರ ಮತ್ತೆ ರಕ್ತ ಕೊಡಬೇಕು, ಹೋದ ವಾರ 3.6 ಬಂದಿತ್ತು. ಬಾಟಲಿ ಮುಗಿದು ಹೊಸದು ತಂದರೆ 5 ಮಿ.ಲೀ.ಗೆ 500 ಮಿ.ಗ್ರಾಂ. ಅಂತಲೇ ಇದೆಯಾ ನೋಡಿ ತಗೋ. ಚೀಟಿ ದೇವರ ಗೂಡಿನ ಕೆಳಗಿನ ಡ್ರಾಯರಿನಲ್ಲಿದೆ.

ನಿನ್ನ ಅಮ್ಮ